ಜಿಪಿಗೆ ಒಂದು ಸ್ಟಾರ್ ಕೊಡುವ ಮುಂಚೆ

ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮವರು ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್ ಬಗ್ಗೆ ಬರೆಯುವ ರಿವ್ಯೂಗಳಲ್ಲಿ ಒಂದು ಸಾಲು ಪದೇ ಪದೇ ಕಾಣುತ್ತದೆ: "ಬರೀ ಪ್ಯಾರಸಿಟಮಾಲ್ ಹೇಳಿ ಕಳಿಸಿದರು." ಜೊತೆಗೆ ಒಂದು ಸ್ಟಾರ್. ಸರ್ಜರಿ ಅನ್ನುವ ಜಿಪಿ ಕ್ಲಿನಿಕ್ಕಿನಲ್ಲಿ ಹೆಸರು ಬರೆಸುವುದು, ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಆ್ಯಪ್ ಇವೆಲ್ಲ ನಿಮಗೆ ಗೊತ್ತೇ ಇರುತ್ತದೆ. ಇಲ್ಲಿ ಆ ಒಂದು ಸ್ಟಾರ್ ವಿಷಯ ಮಾತ್ರ.

ಗೆಳೆಯರೊಬ್ಬರ ನಾಲ್ಕು ವರ್ಷದ ಮಗಳಿಗೆ ಕೆಮ್ಮು ಬಂತು. ಆರನೇ ದಿನ ಜಿಪಿ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರ್ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ಕಿವಿ, ಗಂಟಲು ನೋಡಿದರು, ಮಗು ಎಷ್ಟು ನೀರು ಕುಡಿಯುತ್ತಿದೆ ಎಂದು ವಿಚಾರಿಸಿದರು. ಇದು ವೈರಸ್, ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಕೆಮ್ಮು ಮೂರು ವಾರ ಎಳೆಯಬಹುದು ಎಂದರು. ಉಸಿರಾಡುವಾಗ ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಹೋದರೆ ತುರ್ತು ನಂಬರ್ 999ಗೆ ಕರೆ ಮಾಡಿ, ನೀರು ಕುಡಿಯದೆ ಮೂತ್ರ ಕಡಿಮೆಯಾದರೆ ಅಥವಾ ಜ್ವರ ಬಿಡದಿದ್ದರೆ ತಡಮಾಡದೆ ನಮಗೋ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೋ ಫೋನ್ ಮಾಡಿ ಎಂದೂ ಹೇಳಿದರು.

ಗೆಳೆಯರಿಗೆ ಕೇಳಿಸಿದ್ದು "ಆಂಟಿಬಯಾಟಿಕ್ ಇಲ್ಲ" ಅನ್ನೋದು ಮಾತ್ರ. ಅವತ್ತೇ ಒಂದು ಸ್ಟಾರ್ ಹಾಕಿದರು. ಮಾರನೇ ದಿನ ಕೈಯಿಂದ ದುಡ್ಡು ಕೊಟ್ಟು ಪ್ರೈವೇಟ್ ಡಾಕ್ಟರನ್ನು ನೋಡಿದರು. ಅಲ್ಲೂ ಅದೇ ಮಾತು, ಫೀಸ್ ಮಾತ್ರ ಬೇರೆ. ಮೂರನೇ ವಾರ ಕೆಮ್ಮು ತಾನಾಗಿಯೇ ಹೋಯಿತು.

ಈಗ ಯೋಚನೆ ಮಾಡಿ. ಮಗುವನ್ನು ಸರಿಯಾಗಿ ನೋಡದೆ ಸುಮ್ನೆ ಆಂಟಿಬಯಾಟಿಕ್ ಬರೆದುಕೊಟ್ಟ ಡಾಕ್ಟರಿಗೆ ಇದೇ ಗೆಳೆಯರು ಐದು ಸ್ಟಾರ್ ಕೊಡುತ್ತಿದ್ದರು. ಕೆಮ್ಮು ಹೇಗೂ ಹೋಗುತ್ತಿತ್ತು, ಹೆಸರು ಔಷಧಿಗೆ ಬರುತ್ತಿತ್ತು. ಇದರ ಉಲ್ಟಾ ಕೂಡ ನಡೆಯುತ್ತದೆ: ಆರನೇ ದಿನ ಎದೆ ಸ್ವಚ್ಛವಾಗಿದ್ದ ಮಗುವಿಗೆ ಒಂಬತ್ತನೇ ದಿನ ನ್ಯುಮೋನಿಯಾ ಆಗಬಹುದು. ಆಗ "ಜಿಪಿ ಕಂಡುಹಿಡಿಯಲಿಲ್ಲ" ಎಂದು ಬರೆಯುವುದು ಸುಲಭ. ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಲಕ್ಷಣ ಕಂಡರೆ, ಯಾವಾಗ, ಎಲ್ಲಿಗೆ ಬರಬೇಕು ಎಂದು ಹೇಳಿದ್ದರಾ? ಇಲ್ಲಿ ಇದನ್ನು ಸೇಫ್ಟಿ ನೆಟಿಂಗ್ ಅನ್ನುತ್ತಾರೆ. ಅದನ್ನು ಹೇಳದೆ "ಏನೂ ಇಲ್ಲ, ಹೋಗಿ" ಎಂದಿದ್ದರೆ, ಮಗು ಮಾರನೇ ದಿನವೇ ಹುಷಾರಾದರೂ ಅದು ಒಳ್ಳೆ ಕನ್ಸಲ್ಟೇಶನ್ ಅಲ್ಲ.

ಕೇಳಿಸಿಕೊಳ್ಳುವ ವಿಷಯದಲ್ಲೂ ನಮ್ಮವರು ಎಡವುತ್ತಾರೆ. "ನಿಮಗೆ ಏನಾಗಿರಬಹುದು ಅನ್ನಿಸುತ್ತದೆ? ಯಾವುದರ ಭಯ ಇದೆ?" ಎಂದು ಜಿಪಿ ಕೇಳಿದರೆ, "ಇವರಿಗೇ ಗೊತ್ತಿಲ್ಲ, ನನ್ನನ್ನು ಕೇಳುತ್ತಾರೆ" ಎಂದು ಬರೆದವರಿದ್ದಾರೆ. ಹಾಗೆ ಕೇಳಬೇಕು ಎಂದೇ ಇಲ್ಲಿ ಜಿಪಿಗಳಿಗೆ ತರಬೇತಿ ಇರುತ್ತದೆ. ಅಪ್ಪನಿಗೆ ಹೃದಯಾಘಾತ ಆಗಿತ್ತು, ಅದಕ್ಕೇ ಈ ಎದೆನೋವಿಗೆ ಹೆದರಿದ್ದೇನೆ ಅನ್ನೋ ಮಾತು ಹೊರಗೆ ಬರುವುದು ಆಗಲೇ. ಮುಖ ನೋಡದೆ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಲೇ ಇದ್ದರೆ, ಮಾತು ಮುಗಿಸಲು ಬಿಡದಿದ್ದರೆ ಅದನ್ನು ಖಂಡಿತ ಬರೆಯಿರಿ.

ಕಾಯುವುದರಲ್ಲಿ ಮೂರು ತರಹ ಇದೆ. ಅಪಾಯಿಂಟ್‌ಮೆಂಟಿಗೆ ದಿನಗಟ್ಟಲೆ ಕಾಯುವುದು, ಬೆಳಗ್ಗೆ ಎಂಟಕ್ಕೆ ಫೋನ್ ಹಿಡಿದು ಕೂರುವುದು ಸರ್ಜರಿಯ ವ್ಯವಸ್ಥೆಗೆ ಸೇರಿದ್ದು. ಆಸ್ಪತ್ರೆಯ ಸ್ಪೆಷಲಿಸ್ಟಿಗಾಗಿ ತಿಂಗಳುಗಟ್ಟಲೆ ಕಾಯುವುದು ಜಿಪಿ ಕೈಯಲ್ಲಿಲ್ಲ. ಅವರು ರೆಫರಲ್ ಬೇಗ ಕಳಿಸಿದರಾ ಅಷ್ಟೇ ನೋಡಿ. ವೇಟಿಂಗ್ ರೂಮಿನಲ್ಲಿ ಅರ್ಧ ಗಂಟೆ ತಡ ಆಯಿತೆಂದರೆ, ಹತ್ತು ನಿಮಿಷದ ಅಪಾಯಿಂಟ್‌ಮೆಂಟಿನಲ್ಲಿ ನಿಮ್ಮ ಮುಂಚಿನವರು ಮೂರು ಕಾಯಿಲೆ ಹೇಳಿಕೊಂಡಿರಬಹುದು. ನಿಮಗೂ ಎರಡು ಮೂರು ವಿಷಯ ಇದ್ದರೆ ಬುಕ್ ಮಾಡುವಾಗಲೇ ಡಬಲ್ ಅಪಾಯಿಂಟ್‌ಮೆಂಟ್ ಕೇಳಿ. ಬೇಗ ಸಿಗುವ ವಿಷಯದಲ್ಲಿ ನಮ್ಮ ಬೆಂಗಳೂರೇ ವಾಸಿ, ಟೋಕನ್ ತಗೊಂಡರೆ ಅವತ್ತೇ ಡಾಕ್ಟರ್ ಸಿಗುತ್ತಾರೆ. ಬೇಡದ ಔಷಧಿ ಕೊಡದಿರುವುದರಲ್ಲಿ ನನ್ನ ವೋಟು ಇಲ್ಲಿಗೆ.

ಆ ಗೆಳೆಯರು ನ್ಯಾಯವಾಗಿ ಬರೆದಿದ್ದರೆ ಹೀಗಿರುತ್ತಿತ್ತು: "ಅಪಾಯಿಂಟ್‌ಮೆಂಟ್ ಸಿಗಲು ನಾಲ್ಕು ದಿನ, ಒಳಗೆ ಹೋಗಲು 25 ನಿಮಿಷ ತಡ, ಯಾರೂ ತಿಳಿಸಲಿಲ್ಲ. ಡಾಕ್ಟರ್ ಪೂರ್ತಿ ಕೇಳಿಸಿಕೊಂಡರು, ಆಂಟಿಬಯಾಟಿಕ್ ಏಕೆ ಬೇಡ, ಯಾವಾಗ ವಾಪಸ್ ಬರಬೇಕು ಎಂದು ವಿವರಿಸಿದರು." ಡಾಕ್ಟರ ಹೆಸರು, ಮಗುವಿನ ಕಾಯಿಲೆಯ ವಿವರ ಜಾಸ್ತಿ ಹಾಕಬೇಡಿ. ರೋಗಿಯ ಗುಟ್ಟು ಕಾಪಾಡಬೇಕಾದ್ದರಿಂದ ಅವರು ನಿಮ್ಮ ಕೇಸಿನ ಬಗ್ಗೆ ಅಲ್ಲಿ ಉತ್ತರ ಕೊಡುವಂತಿಲ್ಲ.

ಡಾಕ್ಟರಿಂದ ನಿಜವಾಗಿಯೂ ತಪ್ಪಾಗಿದೆ ಅನ್ನಿಸಿದರೆ ರಿವ್ಯೂ ಹಾಕಿ ಕೂರಬೇಡಿ, ರಿವ್ಯೂ ದೂರು ಅಲ್ಲ. ಪ್ರಾಕ್ಟೀಸ್ ಮ್ಯಾನೇಜರಿಗೆ ಬರೆದು ಕೊಡಿ. ಸಾಮಾನ್ಯವಾಗಿ 12 ತಿಂಗಳ ಒಳಗೆ ದೂರು ಕೊಡಬೇಕು. ಅವರ ಕೊನೆಯ ಉತ್ತರ ಒಪ್ಪಿಗೆಯಾಗದಿದ್ದರೆ ಮುಂದೆ ಹೆಲ್ತ್ ಸರ್ವಿಸ್ ಆಂಬುಡ್ಸ್‌ಮನ್ ಹತ್ತಿರ ಹೋಗಬಹುದು, ಅದಕ್ಕೆ ಫೀಸ್ ಇಲ್ಲ.