ನವಲೆ ಸೇತುವೆ ಬಳಿ ಅಪಘಾತ, ಹನ್ನೊಂದಕ್ಕೆ ಡೆಡ್‌ಲೈನ್: ಸುದ್ದಿ ಬರೆದದ್ದು ಹೀಗೆ

ಪುಣೆಯಿಂದ ಕನ್ನಡ ಪತ್ರಿಕೆಗೆ ಸುದ್ದಿ ಕಳಿಸುವ ನಮ್ಮಂಥವರಿಗೆ ನವಲೆ ಸೇತುವೆ ಚೆನ್ನಾಗಿ ಗೊತ್ತು. ಕಾತ್ರಜ್‌ನ ಹೊಸ ಸುರಂಗ ದಾಟಿದರೆ ಸೇತುವೆವರೆಗೂ ಇಳಿಜಾರು. ಡೀಸೆಲ್ ಉಳಿಯಲಿ ಅಂತ ಕೆಲವು ಲಾರಿಯವರು ನ್ಯೂಟ್ರಲ್‌ನಲ್ಲೇ ಇಳಿಸುತ್ತಾರೆ. ಆಗ ಎಂಜಿನ್ನಿನ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ. ಬ್ರೇಕ್ ಕಾದು ಕೈಕೊಡುತ್ತದೆ. 2022ರ ನವೆಂಬರ್‌ನಲ್ಲಿ ಒಂದೇ ಅಪಘಾತದಲ್ಲಿ ಹತ್ತಾರು ವಾಹನಗಳು ಜಖಂಗೊಂಡಿದ್ದವು.

ನಾನು ಹೇಳುತ್ತಿರುವುದು ಅದಲ್ಲ, ಅದಕ್ಕಿಂತ ಚಿಕ್ಕದು. ಟ್ರಾಫಿಕ್‌ನಲ್ಲಿ ನಿಂತಿದ್ದ ಬೆಳಗಾವಿ-ಮುಂಬೈ ಖಾಸಗಿ ಬಸ್ಸಿಗೆ ಹಿಂದಿನಿಂದ ಲಾರಿ ಗುದ್ದಿತ್ತು. ನಾನು ಅಲ್ಲಿಗೆ ಮುಟ್ಟಿದಾಗ ರಾತ್ರಿ ಹತ್ತಾಗಿತ್ತು. ಪುಟ ಹೋಗುವುದು ಹನ್ನೊಂದಕ್ಕೆ.

ಬಸ್ಸಿನ ಕ್ಲೀನರ್ ರಸ್ತೆ ಪಕ್ಕ ಕೂತಿದ್ದ, ಬೆಳಗಾವಿ ಕಡೆಯ ಹುಡುಗ. "ಲಾರಿ ಹಾರ್ನ್ ಹೊಡಕೊಂತನ ಬಂತ್ರೀ, ನಿಂದರಲೇ ಇಲ್ಲ" ಅಂದ. ಬಾಗಿಲ ಹತ್ತಿರ ನಿಂತಿದ್ದರಿಂದ ಮೊದಲಿನಿಂದ ಕೊನೆವರೆಗೆ ನೋಡಿದ್ದ. ಇಂಥ ಸಾಕ್ಷಿ ಸಿಕ್ಕರೆ ಯಾರಿಗಾದರೂ ಕೈ ಕಡಿಯುತ್ತದೆ. ಹಾರ್ನ್ ಸದ್ದಿನಿಂದಲೇ ಶುರು ಮಾಡಿ ಕಥೆ ಹೇಳಿಬಿಡೋಣ ಅನ್ನಿಸುತ್ತದೆ. ಡೆಸ್ಕ್‌ಗೆ ಫೋನ್ ಮಾಡಿ ಹೇಳಿದೆ. "ಕಥೆ ನಾಳೆ ಹೇಳಪ್ಪ, ಎಷ್ಟು ಜನ ಹೋದ್ರು, ಯಾವ ಬಸ್ಸು, ಅದು ಹೇಳು" ಅಂದರು.

ಅವರು ಹೇಳದಿದ್ದರೂ ನಾನು ತಲೆಕೆಳಗಾದ ಪಿರಮಿಡ್ಡನ್ನೇ, ಅಂದರೆ ಮುಖ್ಯವಾದದ್ದು ಮೊದಲು, ಉಳಿದದ್ದು ಮಹತ್ವದ ಕ್ರಮದಲ್ಲಿ ಕೆಳಗೆ ಬರುವ ರಚನೆಯನ್ನೇ ಹಿಡಿಯುತ್ತಿದ್ದೆ. ಸತ್ತವರ ಲೆಕ್ಕ ಇನ್ನೂ ನಿಂತಿರಲಿಲ್ಲ. ಪೊಲೀಸರು ಇಬ್ಬರು ಅನ್ನುತ್ತಿದ್ದರು, ಸುತ್ತ ನಿಂತವರು ನಾಲ್ಕು ಅನ್ನುತ್ತಿದ್ದರು. ಪಿರಮಿಡ್‌ನಲ್ಲಿ ಸಂಖ್ಯೆ ಇರುವುದು ತಲೆಬರಹದಲ್ಲಿ ಮತ್ತು ಇಂಟ್ರೋದಲ್ಲಿ, ಅಂದರೆ ಸುದ್ದಿಯ ಮೊದಲ ಪ್ಯಾರಾದಲ್ಲಿ. ಬದಲಾದರೆ ಅಲ್ಲಿ ತಿದ್ದಿದರೆ ಮುಗಿಯಿತು. ಕಥೆಯ ರೂಪದಲ್ಲಿ ಬರೆದರೆ ಸಾವು ಅಲ್ಲಲ್ಲಿ ಹೆಣೆದುಕೊಂಡಿರುತ್ತದೆ, ಒಂದು ಎಳೆ ಎಳೆದರೆ ಪ್ಯಾರಾಗಳೇ ಬಿಚ್ಚಿಕೊಳ್ಳುತ್ತವೆ. ಜೊತೆಗೆ ಕೊನೇ ಗಳಿಗೆಯಲ್ಲಿ ಜಾಹೀರಾತು ಬಂದರೆ ಸಬ್ ಎಡಿಟರ್ ಕತ್ತರಿಸುವುದು ಕೆಳಗಿನಿಂದ. ಕಥೆಯ ಕೊನೆ ಇರುವುದೇ ಅಲ್ಲಿ, ಅಲ್ವಾ?

ಇದಕ್ಕಿಂತ ದೊಡ್ಡ ತೊಡಕು ಕಾರಣದ್ದು. "ಬ್ರೇಕ್ ಫೇಲ್ ಆದ ಲಾರಿ ನುಗ್ಗಿ ಬಂತು" ಎಂದು ಕಥೆಗಾರನ ದನಿಯಲ್ಲಿ ಬರೆದ ಕೂಡಲೇ ಕಾರಣವನ್ನು ನಾನೇ ತೀರ್ಮಾನಿಸಿದಂತೆ. ಬ್ರೇಕ್ ಫೇಲ್ ಅನ್ನುವುದು ಆ ಹೊತ್ತಿಗೆ ಲಾರಿ ಚಾಲಕನ ಮಾತು ಮಾತ್ರ. ನ್ಯೂಟ್ರಲ್‌ನಲ್ಲಿ ಇಳಿಸುತ್ತಿದ್ದನೋ ಏನೋ, ತನಿಖೆ ಆಗಬೇಕು. ಹಾಗಂತ ಪ್ರತಿ ಸಾಲಿಗೂ "ಎನ್ನಲಾಗಿದೆ" ಅಂಟಿಸಿದರೆ ಕಥೆ ಓಡುವುದಿಲ್ಲ.

ಇಂಟ್ರೋ ಹೀಗೆ ಬರೆದೆ:

"ಪುಣೆ: ಬೆಳಗಾವಿಯಿಂದ ಮುಂಬೈಗೆ ಹೊರಟಿದ್ದ ಖಾಸಗಿ ಬಸ್ಸಿಗೆ ನವಲೆ ಸೇತುವೆ ಬಳಿ ಲಾರಿ ಡಿಕ್ಕಿ ಹೊಡೆದು ಇಬ್ಬರು ಮೃತಪಟ್ಟಿದ್ದಾರೆ. ರಾತ್ರಿ 10.30ರವರೆಗೆ ಪೊಲೀಸರು ಖಚಿತಪಡಿಸಿರುವ ಸಂಖ್ಯೆ ಇದು."

ಎರಡು ವಾಕ್ಯ, ಅಷ್ಟೇ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಊರು, ಹೊತ್ತು, ಲಾರಿ, ಗಾಯಾಳು ಎಲ್ಲ ಒಂದೇ ವಾಕ್ಯಕ್ಕೆ ತುರುಕಿದರೆ ಜನ ಸತ್ತರೋ ಬದುಕಿದರೋ ಗೊತ್ತಾಗೋಕೆ ನಾಲ್ಕು ಸಾಲು ಓದಬೇಕು. ಬಸ್ಸು ಎಲ್ಲಿಂದ ಎಲ್ಲಿಗೆ ಎಂಬುದನ್ನು ಬೇಕಂತಲೇ ಮೊದಲಿಟ್ಟೆ. ಬೆಳಗಾವಿಯಲ್ಲಿ ಓದುವವರು ಹುಡುಕುವುದು ಅದನ್ನೇ. ಎರಡನೇ ಪ್ಯಾರಾದಲ್ಲಿ ಗಾಯಾಳುಗಳು ಯಾವ ಆಸ್ಪತ್ರೆಯಲ್ಲಿದ್ದಾರೆ ಅನ್ನುವುದು. ಮೂರನೆಯದರಲ್ಲಿ ಚಾಲಕನ ಹೇಳಿಕೆ, ಅವನ ಹೇಳಿಕೆ ಎಂದೇ. ಮನೆಯವರಿಗೆ ಸುದ್ದಿ ಮುಟ್ಟಿರಲಿಲ್ಲ, ಹಾಗಾಗಿ ಮೃತರ ಹೆಸರು ಹಾಕಲಿಲ್ಲ.

ಕ್ಲೀನರ್ ಮಾತನ್ನು ಬಿಡಲಿಲ್ಲ. ನಾಲ್ಕನೇ ಪ್ಯಾರಾ ಶುರುವಿನಲ್ಲಿ "ಬಸ್ಸಿನ ಕ್ಲೀನರ್ ಹೇಳಿದಂತೆ ನಡೆದದ್ದು ಇದು" ಎಂದು ಒಂದು ಸಾಲು ಹಾಕಿ, ಅಲ್ಲಿಂದ ಘಟನೆಯನ್ನು ನಡೆದ ಕ್ರಮದಲ್ಲಿ ಬರೆದೆ: ಬಸ್ಸು ನಿಂತದ್ದು, ಹಾರ್ನ್, ಮೊದಲ ಗುದ್ದು, ಬಸ್ಸು ಮುಂದಿನ ಕಾರಿಗೆ ತಾಗಿದ್ದು. ಮರಳುಗಡಿಯಾರದ ರಚನೆ ಅನ್ನುವುದು ಇದಕ್ಕೇ. ಯಾರ ಮಾತು ಎಂದು ಆ ಒಂದು ಸಾಲು ಹೇಳಿಬಿಡುವುದರಿಂದ ಮತ್ತೆ ಮತ್ತೆ ಹೇಳಬೇಕಿಲ್ಲ. ಜಾಗ ಸಾಲದೆ ಡೆಸ್ಕ್ ಈ ಭಾಗ ಪೂರ್ತಿ ತೆಗೆದರೂ ಮೇಲಿನ ಸುದ್ದಿಗೆ ಕುಂದಿಲ್ಲ.

ಆದರೆ ಆ ಸಾಲಿನ ಕೆಳಗೆ ಬರುವುದು ಅವನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಮಾತ್ರ ಆಗಿರಬೇಕು. "ಡ್ರೈವರ್ ಕುಡದಿದ್ದ್ರೀ" ಅಂತಲೂ ಅಂದಿದ್ದ. "ನೀನ ನೋಡಿಯೇನು?" ಅಂತ ಕೇಳಿದೆ. "ಇಲ್ರೀ, ಮಂದಿ ಅನ್ನಾಕತ್ತಿದ್ರು" ಅಂದ. ಅದನ್ನು ಅಲ್ಲಿಗೇ ಬಿಟ್ಟೆ.

ಬೆಳಿಗ್ಗೆ ಗಾಯಾಳುಗಳಲ್ಲಿ ಒಬ್ಬರು ತೀರಿಕೊಂಡರು. ವೆಬ್‌ನಲ್ಲಿ ತಲೆಬರಹ, ಇಂಟ್ರೋ ಬದಲಾದವು, ಉಳಿದದ್ದು ಹಾಗೇ ಉಳಿಯಿತು. ಹಾರ್ನ್ ಸದ್ದಿನಿಂದ ಶುರುವಾಗುವ ಕಥೆಯನ್ನೂ ಬರೆದೆ, ಎಫ್‌ಐಆರ್ ಓದಿ, ಲಾರಿಯ ಬ್ರೇಕ್ ಬಗ್ಗೆ ಆರ್‌ಟಿಒ ತಪಾಸಣೆ ಏನು ಹೇಳಿತು ಎಂದು ತಿಳಿದ ಮೇಲೆ. ಅದು ಭಾನುವಾರದ ಪುಟಕ್ಕೆ ಹೋಯಿತು.