ಬುಗುರಿ ನಿಂತಾಗ ಬರುವ ಮೊದಲ ಮಾತು

ಗಂಗಾವತಿ ಹತ್ತಿರದ ಒಂದು ಹಳ್ಳಿಯಿಂದ ಎರಡು ವರ್ಷ ಮೂರು ತಿಂಗಳಿನ ಬಾಲಕನನ್ನು ಮಾತು ಬಂದಿಲ್ಲವೆಂದು ಅವನ ಅಜ್ಜಿ ನನ್ನ ಬಳಿ ಕರೆತಂದಿದ್ದರು. ‘ಅವ್ವ’ ಬಿಟ್ಟರೆ ಬೇರೆ ಮಾತಿಲ್ಲ. ಬೇಕಾದುದರ ಕಡೆಗೆ ಕೈ ಹಿಡಿದು ಎಳೆಯುತ್ತಾನೆ. ಮನೆಯಲ್ಲಿ ಹಾಡುವ, ಎಬಿಸಿಡಿ ಹೇಳುವ ಬ್ಯಾಟರಿ ಆಟಿಕೆಗಳು ಬುಟ್ಟಿ ತುಂಬ ಇದ್ದವು. ಅವುಗಳನ್ನು ಎತ್ತಿಡಲು ಹೇಳಿ, ಒಂದು ಮರದ ಬುಗುರಿ ಮತ್ತು ಒಂದು ಸ್ಟೀಲ್ ತಾಟು ತರಲು ಹೇಳಿದೆ.

ಕಾರಣ ಸರಳ. ಗುಂಡಿ ಒತ್ತಿದರೆ ಹಾಡುವ ಆಟಿಕೆಗೆ ಮಗುವಿನ ಮಾತು ಬೇಕಿಲ್ಲ, ದೊಡ್ಡವರೂ ಬೇಕಿಲ್ಲ. ಕಿನ್ನಾಳದ ಬಣ್ಣದ ಮರದ ಬೊಂಬೆ ಚೆಂದವೇ, ಆದರೆ ಅದನ್ನು ಕೈಗೆತ್ತಿಕೊಂಡ ಮಗು ಮೂಲೆಗೆ ಹೋಗಿ ಒಂಟಿಯಾಗಿ ಆಡಬಲ್ಲದು. ಬುಗುರಿ ಹಾಗಲ್ಲ. ಅರ್ಧ ನಿಮಿಷದೊಳಗೆ ಬೀಳುತ್ತದೆ, ಮತ್ತೆ ತಿರುಗಿಸಲು ಎರಡು ವರ್ಷದ ಬೆರಳಿಗೆ ಬರುವುದಿಲ್ಲ. ಪ್ರತಿ ಸಲವೂ ಮಗು ನಿಮ್ಮನ್ನೇ ಕೇಳಬೇಕಾಗುತ್ತದೆ. ಬೆರಳಿನಿಂದ ತಿರುಗಿಸುವ, ಮೊಳೆಯಿಲ್ಲದ, ಬಾಯೊಳಗೆ ಹಿಡಿಸದಷ್ಟು ದೊಡ್ಡದಾದ ಬುಗುರಿಯನ್ನೇ ಆರಿಸಿ.

ಮೊದಲು ಟಿವಿ, ಮೊಬೈಲ್ ಆರಿಸಿ. ಮಗುವಿನ ಎದುರು ನೆಲದ ಮೇಲೆ ಕುಳಿತುಕೊಳ್ಳಿ. ನಿಮ್ಮ ತುಟಿ ಅದರ ಕಣ್ಣಿಗೆ ಕಾಣುವಂತಿರಲಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ನಿಮ್ಮ ಮುಖ ಅದಕ್ಕೆ ಕಾಣುವುದೇ ಇಲ್ಲ.

ಇನ್ನು ಮಾತು. ಎರಡೇ ಪದ ಸಾಕು: ಬುಗುರಿ ಬಿಡುವಾಗ ‘ಬಿಡು’, ಬಿದ್ದಾಗ ‘ಬಿತ್ತು’. ಎರಡೂ ಶುರುವಾಗುವುದು ‘ಬ’ದಿಂದ. ಆ ಅಕ್ಷರಕ್ಕೆ ತುಟಿ ಮುಚ್ಚಿ ತೆರೆಯುವುದು ಮಗುವಿಗೆ ಕಾಣುತ್ತದೆ, ಅನುಕರಿಸಲೂ ಸುಲಭ. ‘ಒಂದು, ಎರಡು, ಬಿಡು!’ ಎಂದು ತಾಟಿನ ಮೇಲೆ ಬುಗುರಿ ಬಿಡಿ. ಅದು ಗಿರ‍್ರನೆ ತಿರುಗಿ ಉರುಳಿದಾಗ ‘ಬಿತ್ತು!’ ಎನ್ನಿ. ನಾಲ್ಕೈದು ಸಲ ಇದೇ ಮಾತು, ಇದೇ ರಾಗ. ಮಗುವಿನಿಂದ ಏನನ್ನೂ ನಿರೀಕ್ಷಿಸಬೇಡಿ. ಮುಂದೆ ಏನು ಬರುತ್ತದೆ ಎಂಬುದು ಅದಕ್ಕೆ ಬಾಯಿಪಾಠವಾಗಲಿ.

ಆಮೇಲೆ ‘ಒಂದು, ಎರಡು...’ ಎಂದು ನಿಲ್ಲಿಸಿಬಿಡಿ. ಬುಗುರಿ ಬೆರಳಲ್ಲೇ ಇರಲಿ, ಕಣ್ಣು ಮಗುವಿನ ಮೇಲಿರಲಿ. ಮನಸ್ಸಿನಲ್ಲೇ ನಿಧಾನವಾಗಿ ಕನಿಷ್ಠ ಐದರವರೆಗೆ, ಬೇಕಾದರೆ ಹತ್ತರವರೆಗೆ ಎಣಿಸಿ. ಎಲ್ಲರೂ ಎಡವುವುದು ಇಲ್ಲೇ. ಆ ಅಜ್ಜಿಗೂ ಎರಡು ಸೆಕೆಂಡಿಗಿಂತ ಹೆಚ್ಚು ಸುಮ್ಮನಿರಲು ಆಗಲಿಲ್ಲ. ‘ಹೇಳಪ್ಪ, ಬಿಡು ಅನ್ನು, ಅನ್ನು’ ಎಂದು ಬೆನ್ನುಹತ್ತಿದರು. ಹುಡುಗ ಮುಖ ತಿರುಗಿಸಿ ಎದ್ದು ಹೋದ. ಮಾತಾಡು ಎಂಬ ಒತ್ತಾಯ ಬಂದ ಕ್ಷಣವೇ ಆಟ ಪರೀಕ್ಷೆಯಾಗುತ್ತದೆ.

ಆ ಮೌನದಲ್ಲಿ ಮಗು ನಿಮ್ಮ ಕಣ್ಣು ನೋಡಿದರೂ, ಕೈ ತಳ್ಳಿದರೂ, ‘ಉಂ’ ಎಂದರೂ ಅದು ಉತ್ತರವೇ. ತಕ್ಷಣ ‘ಬಿಡು!’ ಎಂದು ಬುಗುರಿ ಬಿಡಿ. ಏನೂ ಬಾರದಿದ್ದರೆ ನೀವೇ ಹೇಳಿ ಬಿಡಿ, ಮಗು ಅಳುವ ತನಕ ತಡೆಹಿಡಿಯಬೇಡಿ. ಐದು ಸಲ ಆಡಿದರೆ ಎರಡು ಸಲ ಮಾತ್ರ ಹೀಗೆ ಕಾಯಿರಿ. ದಿನಕ್ಕೆ ಎರಡು ಬಾರಿ, ಐದೈದು ನಿಮಿಷ ಸಾಕು.

ಮೊದಲ ವಾರ ಆ ಹುಡುಗ ಅಜ್ಜಿಯ ಕೈಯನ್ನಷ್ಟೇ ತಾಟಿನತ್ತ ತಳ್ಳುತ್ತಿದ್ದ. ಒಂಬತ್ತನೆಯ ದಿನ ‘ಬ’ ಎಂದ. ಅಜ್ಜಿ ಅದನ್ನು ತಿದ್ದಲಿಲ್ಲ, ‘ಬಿಡು!’ ಎಂದು ಪೂರ್ತಿ ಹೇಳಿ ಬಿಟ್ಟರು. ಮೂರನೆಯ ವಾರ ಊಟಕ್ಕೆ ಕುಳಿತಾಗ ರೊಟ್ಟಿಯ ಚೂರು ಕೆಳಗೆ ಬಿದ್ದಾಗ ಅವನು ‘ಬಿತ್ತು’ ಎಂದ. ಆಟದ ಪದ ಆಟದಿಂದಾಚೆ ಬಂದರೆ ಮಾತ್ರ ಅದು ಮಗುವಿನದಾಯಿತು ಎಂದು ನಾನು ಲೆಕ್ಕ ಹಾಕುತ್ತೇನೆ. ಆಗ ಒಂದು ಪದ ಸೇರಿಸಿ: ‘ರೊಟ್ಟಿ ಬಿತ್ತು.’ ಆಟ ಮುಗಿದ ಮೇಲೆ ಬುಗುರಿಯನ್ನು ಬಿಗಿ ಮುಚ್ಚಳದ ಪಾರದರ್ಶಕ ಡಬ್ಬದಲ್ಲಿಡಿ. ಕಾಣುತ್ತದೆ, ತೆಗೆಯಲು ಬರುವುದಿಲ್ಲ. ಡಬ್ಬ ಹಿಡಿದು ಮಗು ನಿಮ್ಮ ಬಳಿಗೇ ಬರುತ್ತದೆ. ಆಗ ‘ತೆಗಿ’ ಎಂಬ ಪದಕ್ಕೆ ಹೀಗೆಯೇ ಕಾಯಿರಿ.

ಇದೆಲ್ಲಕ್ಕೂ ಮೊದಲು ಕಿವಿಯ ಪರೀಕ್ಷೆ ಆಗಬೇಕು. ತಾಟು ಬಿದ್ದ ಸದ್ದಿಗೆ ತಿರುಗಿ ನೋಡುವ ಮಗುವಿಗೂ ಮಾತಿನ ಸೂಕ್ಷ್ಮ ಧ್ವನಿಗಳು ಕೇಳದೇ ಇರಬಹುದು. ಗಂಡುಮಕ್ಕಳು ತಡವಾಗಿಯೇ ಮಾತಾಡುತ್ತಾರೆ ಎಂದು ಸುಮ್ಮನಿರಬೇಡಿ, ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತ ಕಾಲ ಕಳೆಯಬೇಡಿ. 16 ತಿಂಗಳಾದರೂ ಒಂದು ಪದವಿಲ್ಲದಿದ್ದರೆ, ಎರಡು ವರ್ಷವಾದರೂ ‘ನೀರು ಬೇಕು’ ಎಂಬಂತೆ ಎರಡು ಪದ ಕೂಡಿಸದಿದ್ದರೆ, ಹೆಸರು ಕರೆದರೂ ತಿರುಗದಿದ್ದರೆ, ಬೇಕಾದುದನ್ನು ಬೆರಳಿನಿಂದ ತೋರಿಸದಿದ್ದರೆ ತಡ ಮಾಡದೆ ವೈದ್ಯರ ಬಳಿ ಹೋಗಿ. ಬಂದ ಮಾತು ಮರೆತರಂತೂ ಯಾವ ವಯಸ್ಸೇ ಆಗಿರಲಿ, ಅದೇ ವಾರ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬರುತ್ತದೆ, ಅಲ್ಲಿಯೇ ಹೇಳಿಕೊಳ್ಳಬಹುದು. ಅವರು ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಹೋಗುವಾಗ ಮಗು ಆಡಿದ ಪದಗಳನ್ನು, ‘ಬ’ ಎಂಬಂಥ ಅರೆಪದಗಳನ್ನೂ, ದಿನಾಂಕದೊಂದಿಗೆ ಒಂದು ಹಾಳೆಯಲ್ಲಿ ಬರೆದೊಯ್ಯಿರಿ.