97,200ರ ಸ್ಕೂಟರ್‌ಗೆ 1,29,140ರ ಚೀಟಿ

ಕಳೆದ ನವೆಂಬರ್‌ನಲ್ಲಿ ಮಗಳ ಕಾಲೇಜು ಓಡಾಟಕ್ಕೆಂದು 125 ಸಿಸಿಯ ಸ್ಕೂಟರ್ ಕೊಳ್ಳಲು ಹೊರಟೆವು. ನಮ್ಮ ಮನೆ ಬಸವೇಶ್ವರನಗರದಲ್ಲಿ. ಮೊದಲ ಷೋರೂಮಿನ ಹುಡುಗ ಗಾಡಿಯ ಗುಣಗಾನ ಮುಗಿಸಿ, ಅಂಗೈಯಗಲದ ಚೀಟಿಯೊಂದರ ಮೇಲೆ ಐದು ಸಾಲು ಗೀಚಿ ಕೊಟ್ಟ. ಎಕ್ಸ್ ಷೋರೂಮ್ ಬೆಲೆ 97,200. ರಸ್ತೆ ತೆರಿಗೆ ಮತ್ತು ನೋಂದಣಿ 15,450. ವಿಮೆ 9,240. ಹ್ಯಾಂಡ್ಲಿಂಗ್ 2,400. ಆಕ್ಸೆಸರೀಸ್ ಕಿಟ್ 4,850. ಕೊನೆಯಲ್ಲಿ ಎರಡು ಗೆರೆ ಎಳೆದು, ಆನ್ ರೋಡ್ 1,29,140 ಎಂದು ಬರೆದಿದ್ದ.

ನಾನು ಮೂವತ್ತು ವರ್ಷ ಲೆಕ್ಕಪತ್ರದ ಕೆಲಸ ಮಾಡಿದವನು. ಎರಡು ಬಾಬ್ತುಗಳನ್ನು ಒಂದೇ ಸಾಲಿಗೆ ಸೇರಿಸಿ ಬರೆದರೆ ನನಗೆ ನಿದ್ದೆ ಬರುವುದಿಲ್ಲ. 'ರಸ್ತೆ ತೆರಿಗೆ ಮತ್ತು ನೋಂದಣಿ' ಎಂಬ ಸಾಲನ್ನೇ ಅಂದು ರಾತ್ರಿ ಮೊದಲು ಕೈಗೆತ್ತಿಕೊಂಡೆ.

ಕರ್ನಾಟಕದಲ್ಲಿ ಪೆಟ್ರೋಲ್ ದ್ವಿಚಕ್ರ ವಾಹನದ ಜೀವಿತಾವಧಿ ತೆರಿಗೆಯನ್ನು ಬೆಲೆಯ ಮೇಲೆ ಹಾಕುತ್ತಾರೆ. 50 ಸಾವಿರದವರೆಗೆ ನೂರಕ್ಕೆ 10, ಅಲ್ಲಿಂದ ಒಂದು ಲಕ್ಷದವರೆಗೆ 12, ಲಕ್ಷ ದಾಟಿದರೆ 18. ಹೀಗೆ ಬಂದ ತೆರಿಗೆಯ ಮೇಲೆ ಮತ್ತೆ ನೂರಕ್ಕೆ 11ರಷ್ಟು ಸೆಸ್. ಸೆಸ್ ಗಾಡಿಯ ಬೆಲೆಯ ಮೇಲಲ್ಲ, ತೆರಿಗೆಯ ಮೇಲೆ ಎಂಬುದನ್ನು ಗಮನಿಸಬೇಕು. ನಮ್ಮ ಗಾಡಿಗೆ 97,200ರ ಶೇಕಡಾ 12 ಎಂದರೆ 11,664. ಅದರ ಶೇಕಡಾ 11 ಎಂದರೆ 1,283. ಒಟ್ಟು 12,947. ನೋಂದಣಿ ಶುಲ್ಕ 300 ರೂಪಾಯಿ. ಅದರ ಜೊತೆ ಸ್ಮಾರ್ಟ್ ಕಾರ್ಡ್ ಶುಲ್ಕ ಮತ್ತು ಕೆಲವು ನಿಗದಿತ ಸೆಸ್‌ಗಳು ಬರುತ್ತವೆ. ಇವೆಲ್ಲ ಸೇರಿದರೂ ಒಂದೂವರೆ ಸಾವಿರದೊಳಗೆ ಮುಗಿಯಬೇಕು. ಅಂದರೆ 14,450 ದಾಟುವಂತಿಲ್ಲ. ಚೀಟಿಯಲ್ಲಿದ್ದದ್ದು 15,450. ಕನಿಷ್ಠ ಒಂದು ಸಾವಿರ ರೂಪಾಯಿ ಆ 'ಮತ್ತು' ಎಂಬ ಪದದೊಳಗೆ ಅಡಗಿ ಕುಳಿತಿತ್ತು.

ಈ ಲೆಕ್ಕ ಮಾಡುತ್ತಿದ್ದಾಗಲೇ ಮಗಳು ಬಂದು, "ಅಪ್ಪಾ, ಇದರದ್ದೇ ಮೇಲಿನ ಮಾದರಿ 1,01,600 ಅಷ್ಟೇ. ಮೊಬೈಲ್ ಜೋಡಿಸುವ ಪರದೆ ಇದೆ. ನಾಲ್ಕು ಸಾವಿರ ಚಿಲ್ಲರೆ ಹೆಚ್ಚು, ಅದನ್ನೇ ಕೊಂಡುಬಿಡೋಣ" ಎಂದಳು. ಕಾಗದ ತಿರುಗಿಸಿ ಅದರ ಲೆಕ್ಕವನ್ನೂ ಅವಳ ಮುಂದೆಯೇ ಹಾಕಿದೆ.

ಆದಾಯ ತೆರಿಗೆಯಲ್ಲಿ ಮಿತಿ ದಾಟಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ ಬೀಳುತ್ತದೆ. ಇಲ್ಲಿ ಹಾಗಲ್ಲ. ಲಕ್ಷದ ಮೇಲೆ ಒಂದು ರೂಪಾಯಿ ಹೋದರೂ ಇಡೀ ಬೆಲೆಗೆ 18ರ ದರ. 1,01,600ಕ್ಕೆ ತೆರಿಗೆ 18,288, ಸೆಸ್ 2,012, ಒಟ್ಟು 20,300. ಕೆಳಗಿನ ಮಾದರಿಗಿಂತ ತೆರಿಗೆಯಲ್ಲೇ 7,353 ಹೆಚ್ಚು. ಗಾಡಿಯ ಬೆಲೆಯ ವ್ಯತ್ಯಾಸ 4,400 ಸೇರಿಸಿದರೆ ಆ ಪರದೆಗೆ ನಾವು ಕೊಡಬೇಕಾದದ್ದು 11,753 ರೂಪಾಯಿ. ಮಗಳು ಸ್ವಲ್ಪ ಹೊತ್ತು ಕಾಗದವನ್ನೇ ನೋಡಿ, "ಮೊಬೈಲ್ ಬ್ಯಾಗಿನಲ್ಲೇ ಇರಲಿ ಬಿಡಿ" ಎಂದು ಎದ್ದುಹೋದಳು. ಈ ಮೆಟ್ಟಿಲಿನ ವಿಷಯವನ್ನು ಷೋರೂಮಿನ ಹುಡುಗ ಹೇಳಲಿಲ್ಲ. ಅವನಿಗೆ ಗೊತ್ತಿತ್ತೋ ಇಲ್ಲವೋ.

ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತಲ್ಲ, ಅದರ ಲಾಭ ಇಂಥ ಅಂಚಿನ ಗಾಡಿಗಳಿಗೆ ಎರಡು ಸಲ ಸಿಕ್ಕಿತು. ನಮ್ಮ ಗಾಡಿಯದೇ ಬೆಲೆಯನ್ನು ಹಳೆಯ ದರದಲ್ಲಿ ಲೆಕ್ಕ ಹಾಕಿದರೆ 1,05,400ರ ಆಸುಪಾಸು ಬರುತ್ತದೆ. ಆಗ ರಸ್ತೆ ತೆರಿಗೆಯೇ 21 ಸಾವಿರದಷ್ಟಾಗುತ್ತಿತ್ತು. ಎದುರು ಮನೆಯವರು ವರಮಹಾಲಕ್ಷ್ಮಿ ಹಬ್ಬಕ್ಕೆಂದು ಆಗಸ್ಟ್‌ನಲ್ಲೇ ಗಾಡಿ ತಂದಿದ್ದರು. ಅವರಿಗೆ ಈ ಲೆಕ್ಕ ತೋರಿಸಲು ಹೋಗಲಿಲ್ಲ.

ಮರುದಿನ ಷೋರೂಮಿಗೆ ಹೋಗಿ ವಿಮೆಯ ಒಳವಿವರ ಕೇಳಿದೆ. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 2018ರಿಂದ ಕಡ್ಡಾಯ. ನಮ್ಮ ವರ್ಗದ ಗಾಡಿಗೆ ಅದರ ದರ 3,851 ರೂಪಾಯಿ. ಇದು ಸರ್ಕಾರ ನಿಗದಿ ಮಾಡಿದ ದರ, ಯಾವ ಕಂಪನಿಯ ಬಳಿ ಹೋದರೂ ಅಷ್ಟೇ. ಚೌಕಾಸಿಗೆ ಜಾಗವಿರುವುದು ನಮ್ಮದೇ ಗಾಡಿಗೆ ಆಗುವ ಹಾನಿಯ ಭಾಗದಲ್ಲಿ, ಅಂದರೆ ಓನ್ ಡ್ಯಾಮೇಜ್‌ನಲ್ಲಿ. ಗಾಡಿಯ ಬೆಲೆಯಲ್ಲಿ ನೂರಕ್ಕೆ 5 ಕಳೆದು 92,340 ರೂಪಾಯಿಯನ್ನು ವಿಮಾ ಮೌಲ್ಯವೆಂದು ಹಿಡಿದು, ಒಂದಿಷ್ಟೂ ರಿಯಾಯಿತಿ ಇಲ್ಲದೆ 1,577 ಹಾಕಿದ್ದರು. ಉಳಿದ ಸುಮಾರು 2,400 ರೂಪಾಯಿ ನಾವು ಕೇಳದ ಸೇರ್ಪಡೆಗಳಿಗೆ. ಅದರಲ್ಲಿ ದೊಡ್ಡ ಪಾಲು ಮಾಲೀಕ ಚಾಲಕನ ಐದು ವರ್ಷದ ಅಪಘಾತ ವಿಮೆಯದು. ಎಲ್ಲದರ ಮೇಲೆ ಶೇಕಡಾ 18 ಜಿಎಸ್‌ಟಿ.

ಗಾಡಿ ನನ್ನ ಹೆಸರಿನಲ್ಲಿ ನೋಂದಣಿಯಾಗುವುದಿತ್ತು. ನನ್ನ ಕಾರಿನ ಪಾಲಿಸಿಯಲ್ಲಿ 15 ಲಕ್ಷದ ಅದೇ ಅಪಘಾತ ವಿಮೆ ಆಗಲೇ ಇದೆ. ಹಾಗಿದ್ದಾಗ ಎರಡನೆಯ ಗಾಡಿಗೆ ಮತ್ತೆ ಕೊಳ್ಳಬೇಕಿಲ್ಲ, ಒಂದು ಘೋಷಣೆ ಬರೆದುಕೊಟ್ಟರೆ ಸಾಕು. ಅಲ್ಲದೆ ಆ ವಿಮೆ ಹೆಸರೇ ಹೇಳುವಂತೆ ಮಾಲೀಕನಿಗೆ. ದಿನಾ ಗಾಡಿ ಓಡಿಸುವ ಮಗಳಿಗೆ ಅದರಿಂದ ಏನೂ ಸಿಗುವುದಿಲ್ಲ. ಅವಳಿಗೆ ಆಮೇಲೆ ಬೇರೆಯೇ ಅಪಘಾತ ಪಾಲಿಸಿ ಮಾಡಿಸಿದೆ.

ವಿಮೆಯನ್ನು ಮಾರಾಟಗಾರರ ಬಳಿಯೇ ಕೊಳ್ಳಬೇಕೆಂದು ಒತ್ತಾಯಿಸುವಂತಿಲ್ಲ, ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವೇ ಇದೆ. ನಾನು ಹೊರಗೆ ಕೊಳ್ಳುತ್ತೇನೆ ಎಂದಾಗ ಮ್ಯಾನೇಜರ್ ಬೇಡವೆನ್ನಲಿಲ್ಲ. "ತೆಗೆದುಕೊಳ್ಳಿ ಸರ್, ಆದರೆ ಚಾಸಿ ನಂಬರ್ ಪೂರ್ತಿ ಹಣ ಕಟ್ಟಿದ ಮೇಲೆ ಕೊಡುತ್ತೇವೆ" ಎಂದರು. ಚಾಸಿ ಮತ್ತು ಎಂಜಿನ್ ಸಂಖ್ಯೆ ಇಲ್ಲದೆ ಹೊಸ ಗಾಡಿಗೆ ಪಾಲಿಸಿ ಹುಟ್ಟುವುದಿಲ್ಲ. ಬೀಗ ಇರುವುದು ಇಲ್ಲಿ. ನಾನು 20 ಸಾವಿರ ಮುಂಗಡ ಕೊಟ್ಟು, ನಮಗೆಂದು ಗೊತ್ತುಮಾಡಿದ ಗಾಡಿಯ ಸಂಖ್ಯೆಗಳನ್ನು ಕಾಗದದಲ್ಲಿ ಬರೆಸಿಕೊಂಡೆ.

ಅಲ್ಲೇ ಒಂದು ಎಡವಟ್ಟೂ ಆಯಿತು. ಹುಡುಗ ಬರೆದುಕೊಟ್ಟ ಚಾಸಿ ಸಂಖ್ಯೆಯಲ್ಲಿ ಒಂದು ಕಡೆ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ 'ಒ' ಅಕ್ಷರವಿತ್ತು. ಹಾಗೆಯೇ ತುಂಬಿದ್ದರೆ ವಾಹನ್ ತಂತ್ರಾಂಶದಲ್ಲಿ ನಮ್ಮ ಪಾಲಿಸಿ ಆ ಗಾಡಿಗೆ ತಾಳೆಯಾಗದೆ ನೋಂದಣಿ ನಿಂತುಬಿಡುತ್ತಿತ್ತು. ಹದಿನೇಳು ಅಕ್ಷರಗಳ ಚಾಸಿ ಸಂಖ್ಯೆಯಲ್ಲಿ ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗದಿರಲಿ ಎಂದು. ಇದು ಗೊತ್ತಿದ್ದುದರಿಂದ ಅನುಮಾನ ಬಂದು, ಗೋದಾಮಿಗೆ ಹೋಗಿ ಗಾಡಿಯ ಮೇಲೆಯೇ ಕೊರೆದಿರುವ ಸಂಖ್ಯೆಯ ಫೋಟೊ ತೆಗೆದುಕೊಂಡು ಬಂದೆ. ಸಂಜೆಯೇ ಪಾಲಿಸಿ ಬಂತು. ಥರ್ಡ್ ಪಾರ್ಟಿ 3,851, ರಿಯಾಯಿತಿಯ ನಂತರ ಓನ್ ಡ್ಯಾಮೇಜ್ 860, ಸವಕಳಿ ಕಳೆಯದಿರುವ ಸೇರ್ಪಡೆಗೆ 440, ಜಿಎಸ್‌ಟಿ ಸೇರಿ 6,078. ಥರ್ಡ್ ಪಾರ್ಟಿ ಐದು ವರ್ಷ ಇದ್ದರೂ ಓನ್ ಡ್ಯಾಮೇಜ್ ಒಂದೇ ವರ್ಷದ್ದು. ಮುಂದಿನ ನವೆಂಬರ್‌ಗೆ ನವೀಕರಿಸಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.

ಹ್ಯಾಂಡ್ಲಿಂಗ್ ಚಾರ್ಜ್‌ಗೆ ಬಂದಾಗ ಮ್ಯಾನೇಜರ್ ಮುಖ ಸ್ವಲ್ಪ ಬಿಗಿಯಾಯಿತು. ಇದು ಯಾತಕ್ಕೆ ಎಂದು ಕೇಳಿದೆ. ಗೋದಾಮಿನಿಂದ ಗಾಡಿ ತರಲು ಎಂದರು. ನಿಮ್ಮ ಗೋದಾಮಿನಿಂದ ನಿಮ್ಮ ಅಂಗಡಿಗೆ ತರುವ ಖರ್ಚು ಎಕ್ಸ್ ಷೋರೂಮ್ ಬೆಲೆಯೊಳಗೆ ಬರಬೇಕಲ್ಲವೇ ಎಂದೆ. ಹಾಗಾದರೆ ಆರ್‌ಟಿಒ ಓಡಾಟಕ್ಕೆ ಎಂದರು. ಕಾರ್ಖಾನೆಯಲ್ಲೇ ಪೂರ್ಣವಾಗಿ ತಯಾರಾದ ಗಾಡಿಯನ್ನು ನೋಂದಣಿಗಾಗಿ ಅಧಿಕಾರಿಯ ಮುಂದೆ ನಿಲ್ಲಿಸುವ ಪದ್ಧತಿ ಈಗಿಲ್ಲ. ಕಾಗದಪತ್ರವೆಲ್ಲ ಷೋರೂಮಿನ ಕಂಪ್ಯೂಟರಿನಿಂದಲೇ ಹೋಗುತ್ತದೆ. ಇಷ್ಟು ಹೇಳಿದ ಮೇಲೂ ಅವರು, "ಎಲ್ಲರೂ ಕೊಡುತ್ತಾರೆ ಸರ್" ಎಂದರು.

ವಾದದಿಂದ ಇದು ಬಗೆಹರಿಯುವುದಿಲ್ಲವೆಂದು ತೋರಿತು. "ಸರಿ, ಕೊಡುತ್ತೇನೆ. ಗಾಡಿಯ ಬಿಲ್ಲಿನಲ್ಲೇ ಹ್ಯಾಂಡ್ಲಿಂಗ್ ಎಂದು ಬರೆದು, ಜಿಎಸ್‌ಟಿ ಹಾಕಿ ಕೊಡಿ" ಎಂದೆ. ಅವರು ಎದ್ದು ಒಳಗೆ ಹೋದರು. ಹತ್ತು ನಿಮಿಷದ ನಂತರ ಬಂದು, ನಿಮಗೆ ಇದೊಂದನ್ನು ಬಿಡುತ್ತೇವೆ, ಆದರೆ ಡೆಲಿವರಿ ನಾಲ್ಕು ದಿನ ತಡವಾಗಬಹುದು ಎಂದರು. ನಮಗೇನೂ ಅವಸರವಿರಲಿಲ್ಲ. ಅವಸರವಿದ್ದವರಿಂದ, ಹಬ್ಬದ ಮುಹೂರ್ತ ಇಟ್ಟುಕೊಂಡು ಬಂದವರಿಂದ ಆ 2,400 ಸಲೀಸಾಗಿ ಬರುತ್ತದೆ ಎಂದು ಆಗ ಹೊಳೆಯಿತು.

ಕಿಟ್ ವಿಷಯದಲ್ಲಿ ಹೆಚ್ಚು ಜಗ್ಗಾಡಲಿಲ್ಲ. ಸುತ್ತಲಿನ ಗಾರ್ಡ್ ಮತ್ತು ಕಾಲಿಡುವ ಜಾಗದ ಮ್ಯಾಟ್ ಮಾತ್ರ 1,350ಕ್ಕೆ ಹಾಕಿಸಿದೆ. ಸೀಟ್ ಕವರ್, ಗಾಡಿಗೆ ಹೊದಿಸುವ ಕವರ್ ಎಲ್ಲ ಜೆ.ಸಿ. ರಸ್ತೆಯಲ್ಲಿ ನಿಧಾನವಾಗಿ ನೋಡಿ ತರಬಹುದು. ಹೆಲ್ಮೆಟ್ ಮಾತ್ರ ಕೇಳಿ ಪಡೆದೆ. ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲಿ ದ್ವಿಚಕ್ರ ವಾಹನ ಕೊಳ್ಳುವಾಗ ತಯಾರಕರು ಐಎಸ್‌ಐ ಗುಣಮಟ್ಟದ ಹೆಲ್ಮೆಟ್ ಒದಗಿಸಬೇಕೆಂದಿದೆ. ಉಚಿತವಾಗಿ ಎಂಬ ಪದ ಅದರಲ್ಲಿಲ್ಲ. ಆದರೂ ಕೇಳಿದಾಗ ದುಡ್ಡಿಲ್ಲದೆ ಕೊಟ್ಟರು.

ಉಳಿದದ್ದು ಆ ಮೊದಲ ಸಾಲು. ತೆರಿಗೆ ಮತ್ತು ನೋಂದಣಿಗೆ 15,450ನ್ನೇ ಕಟ್ಟಿ, ಆಮೇಲೆ ನೋಡೋಣ ಎಂದರು. ಕಟ್ಟಿದೆ. ಆದರೆ ಆ ಮೊತ್ತದ ರಸೀದಿಯ ಮೇಲೆ 'ಆರ್‌ಟಿಒ ರಸೀದಿಯಂತೆ, ವ್ಯತ್ಯಾಸ ಹಿಂತಿರುಗಿಸಲಾಗುವುದು' ಎಂದು ಬರೆಸಿ ಸಹಿ ಹಾಕಿಸಿಕೊಂಡೆ. ಕೆಎ 02ರಿಂದ ಶುರುವಾಗುವ ಸಂಖ್ಯೆ ಬಂದ ದಿನ, ಅರ್ಜಿ ಸಂಖ್ಯೆಯನ್ನು ವಾಹನ್ ಜಾಲತಾಣದಲ್ಲಿ ಹಾಕಿ ಸರ್ಕಾರದ ಅಸಲಿ ರಸೀದಿಯನ್ನು ತೆಗೆದೆ. ತೆರಿಗೆ, ಸೆಸ್, ಶುಲ್ಕಗಳು ಒಂದೊಂದೂ ಬೇರೆ ಬೇರೆ ಸಾಲಿನಲ್ಲಿದ್ದವು. ಒಟ್ಟು 14,250. ನನ್ನ ಕಾಗದದ ತೆರಿಗೆ ಲೆಕ್ಕಕ್ಕೂ ಅದರಲ್ಲಿದ್ದ ತೆರಿಗೆ, ಸೆಸ್ ಸಾಲುಗಳಿಗೂ ಒಂದು ರೂಪಾಯಿಯೂ ಹೆಚ್ಚುಕಡಿಮೆ ಇರಲಿಲ್ಲ.

ನಾವು ಕೊಟ್ಟದ್ದು ಒಟ್ಟು 1,20,078 ರೂಪಾಯಿ. ಅದರಲ್ಲಿ ಆ ವ್ಯತ್ಯಾಸದ 1,200 ರೂಪಾಯಿ ಮೂರು ವಾರ, ನಾಲ್ಕು ಫೋನ್ ಕರೆಗಳ ನಂತರ ಖಾತೆಗೆ ಹಿಂತಿರುಗಿ, ಕೊನೆಗೆ ನಮಗೆ ಬಿದ್ದದ್ದು 1,18,878. ಜಮೆಯ ವಿವರದಲ್ಲಿ 'ಹ್ಯಾಂಡ್ಲಿಂಗ್ ರೀಫಂಡ್' ಎಂದು ಬರೆದಿದ್ದರು.